ಪ್ರವಾಸದ ಕಡತಕ್ಕೆ ಸಹಿ ಹಾಕುವ ಮುಂಚೆ ಮೂರನೇ ಸಾಲು ಓದಿ

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಮುಖ್ಯಗುರುಗಳಿಗೆ, ಆಡಳಿತ ಮಂಡಳಿಯವರಿಗೆ, ಎಸ್‌ಡಿಎಂಸಿ ಸದಸ್ಯರಿಗೆ ಮತ್ತು ಪ್ರವಾಸಕ್ಕೆ ಅನುಮತಿ ಕೊಡುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಕುಷ್ಟಗಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹನ್ನೊಂದು ವರ್ಷದಿಂದ ಪ್ರವಾಸದ ಕಾಗದಪತ್ರ ಬರೆಯುವ ಕೆಲಸ ನನ್ನ ತಲೆಗೇ ಬಂದಿದೆ. ಕಾರಣ ಏನಿಲ್ಲ, ನನ್ನ ಅಕ್ಷರ ಚಂದ ಇದೆ ಅಂತ. ಪೋಷಕರ ಒಪ್ಪಿಗೆ ಪತ್ರ, ಮಕ್ಕಳ ಪಟ್ಟಿ, ಬಸ್ಸಿನ ಕಾಗದ, ಇವುಗಳ ಜೊತೆಗೆ ಈಚೆಗೆ ಕೆಲವು ಶಾಲೆಗಳಲ್ಲಿ ಇನ್ನೊಂದು ಹಾಳೆ ಸೇರಿಕೊಂಡಿದೆ. ಅಪಾಯ ಮೌಲ್ಯಮಾಪನದ ಕೋಷ್ಟಕ. ಸ್ಟಾಫ್ ರೂಮಿನಲ್ಲಿ ನಾವು ಅದಕ್ಕೆ ರಿಸ್ಕ್ ಟೇಬಲ್ ಅನ್ನುತ್ತೇವೆ. ಯಾವ ಅಪಾಯ, ಆಗುವ ಸಾಧ್ಯತೆ ಎಷ್ಟು, ಆದರೆ ತೀವ್ರತೆ ಎಷ್ಟು, ತಡೆಯಲು ಏನು ಕ್ರಮ, ಇಷ್ಟು ಕಾಲಂ. ಸಾಧ್ಯತೆಗೆ 1ರಿಂದ 5, ತೀವ್ರತೆಗೆ 1ರಿಂದ 5. ಎರಡನ್ನೂ ಗುಣಿಸಿದರೆ ಅಂಕ. 4ರ ತನಕ ಹಸಿರು, 5ರಿಂದ 9 ಹಳದಿ, 10 ಮತ್ತು ಮೇಲಿನದು ಕೆಂಪು.

ಈ ಹಾಳೆಯನ್ನು ನಾವು ಹೇಗೆ ಬರೆಯುತ್ತೇವೆ, ನೀವು ಹೇಗೆ ಓದುತ್ತೀರಿ ಎಂಬುದರ ಬಗ್ಗೆಯೇ ಈ ಪತ್ರ. ಎಲ್ಲ ಸಾಲುಗಳ ಬಗ್ಗೆ ಬರೆಯಲ್ಲ. ಒಂದೇ ಸಾಲು. ನೀರಿನ ಸಾಲು.

ಮೂರು ವರ್ಷದ ಹಿಂದೆ, ಆಗ ನಾನಿದ್ದ ಶಾಲೆಯಿಂದ ಅಂಜನಾದ್ರಿ, ಆನೆಗುಂದಿ, ತುಂಗಭದ್ರಾ ಡ್ಯಾಂ ಒಂದೇ ದಿನದಲ್ಲಿ ನೋಡಿ ಬರುವ ಪ್ರವಾಸ ಹೊರಟಿತ್ತು. ಡಿಸೆಂಬರ್ ತಿಂಗಳು. 46 ಮಕ್ಕಳು, 4 ಜನ ಶಿಕ್ಷಕರು, ಒಂದು ಬಸ್ಸು. ಕೋಷ್ಟಕದ ಮೂರನೇ ಸಾಲು ನಾನೇ ನನ್ನ ಕೈಯಾರೆ ಬರೆದದ್ದು ಹೀಗಿತ್ತು:

| ಅಪಾಯ | ಸಾಧ್ಯತೆ | ತೀವ್ರತೆ | ಅಂಕ | ನಿಯಂತ್ರಣ ಕ್ರಮ |
|---|---|---|---|---|
| ನದಿಯಲ್ಲಿ ಈಜುವುದು | 2 | 3 | 6 | ಮಕ್ಕಳು ನೀರಿಗೆ ಇಳಿಯದಂತೆ ಶಿಕ್ಷಕರು ಎಚ್ಚರಿಕೆ ವಹಿಸುವರು |

ನೋಡಲು ಏನೂ ತಪ್ಪಿಲ್ಲ ಅಲ್ವಾ? ಮುಖ್ಯಗುರುಗಳು ಸಹಿ ಹಾಕಿದರು. ಮೇಲಿನವರೂ ಸಹಿ ಹಾಕಿದರು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ನನಗೆ ಸಿಟ್ಟೇ ಬರುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಅವತ್ತು ಯಾವ ಮಗುವೂ ಈಜಲಿಲ್ಲ. ಊಟಕ್ಕೆ ನದಿಯ ದಂಡೆಯ ಮೇಲೆ ಮರದ ನೆರಳು ನೋಡಿ ಕೂತೆವು. ರೊಟ್ಟಿ, ಶೇಂಗಾ ಚಟ್ನಿ, ಚಿತ್ರಾನ್ನ. ಉಂಡಾದ ಮೇಲೆ ಡಬ್ಬಿ ಎಣ್ಣೆ ಎಣ್ಣೆ ಆಗಿತ್ತು. ಮನೆಯಲ್ಲಿ ಉಂಡ ಮೇಲೆ ತಾಟು ತೊಳೆದಿಡಬೇಕು ಅಂತ ಕಲಿತ ಮಕ್ಕಳು. ಹತ್ತು ಹನ್ನೆರಡು ಮಂದಿ ಡಬ್ಬಿ ಹಿಡಿದು ಕೆಳಗೆ ಇಳಿದರು. ಎಂಟನೇ ತರಗತಿಯ ಒಬ್ಬ ಹುಡುಗನ ಮುಚ್ಚಳ ಕೈತಪ್ಪಿ ತೇಲಿತು. ಅದನ್ನು ಹಿಡಿಯಲು ಒಂದು ಹೆಜ್ಜೆ ಮುಂದಿಟ್ಟ. ಕಲ್ಲಿನ ಮೇಲೆ ಪಾಚಿ ಇತ್ತು. ಜಾರಿ ಎದೆಯ ಮಟ್ಟಕ್ಕೆ ಹೋದ. ಅಲ್ಲೇ ಹರಿಗೋಲು ಒಣಗಿಸುತ್ತಿದ್ದ ಅಂಬಿಗರೊಬ್ಬರು ಹುಟ್ಟು ಚಾಚಿದರು. ಹುಡುಗ ಹಿಡಿದುಕೊಂಡ. ಇಷ್ಟೂ ಆಗಲು ಅರ್ಧ ನಿಮಿಷ ಹಿಡಿದಿರಲಿಕ್ಕಿಲ್ಲ. ನಾನು ಆಗ ಮೇಲೆ ನಿಂತು ಉಳಿದ ಚಿತ್ರಾನ್ನವನ್ನು ಯಾರಿಗೆ ಬಡಿಸುವುದು ಅಂತ ನೋಡುತ್ತಿದ್ದೆ.

ಆ ಅಂಬಿಗರು ಬೈಯಲಿಲ್ಲ. “ಮಾಸ್ತರ್ರ, ಮ್ಯಾಲಿಂದ ಕಲ್ಲು ಕಾಣತೈತಿ, ಅದರ ಮುಂದ ಹೆಜ್ಜಿ ಇಟ್ರ ತಳ ಸಿಗೂದಿಲ್ರಿ” ಅಂದರು ಅಷ್ಟೇ.

ಊರಿಗೆ ಬಂದ ಮೇಲೆ ಆ ಸಾಲನ್ನು ಎದುರಿಗಿಟ್ಟುಕೊಂಡು ಕೂತೆ. ಒಂದೊಂದು ಮನೆಯಲ್ಲೂ ತಪ್ಪಿತ್ತು.

ಮೊದಲನೆಯದು ಅಪಾಯದ ಮನೆ. ‘ನದಿಯಲ್ಲಿ ಈಜುವುದು’ ಅಂತ ಬರೆದಾಗ ನನ್ನ ತಲೆಯಲ್ಲಿ ಇದ್ದದ್ದು ತುಂಟ ಹುಡುಗರು, ಅಂಗಿ ಬಿಚ್ಚಿ ನೀರಿಗೆ ಹಾರುವವರು. ಆದರೆ ನೀರಿಗೆ ಬಿದ್ದದ್ದು ಸಾಧು ಹುಡುಗ, ಡಬ್ಬಿ ತೊಳೆಯಲು ಹೋದವ. ನದಿ ಅಂದರೇನೇ ಅಪಾಯ ಅಂತ ಬರೆದರೂ ಪ್ರಯೋಜನವಿಲ್ಲ. ಮಗುವನ್ನು ನೀರಿನ ಅಂಚಿಗೆ ಕರೆತರುವ ಕಾರಣ ಏನು, ಅದನ್ನು ಬರೆಯಬೇಕು. ಡಬ್ಬಿ ತೊಳೆಯುವುದು, ಕೈ ತೊಳೆಯುವುದು, ತೇಲಿ ಹೋದ ಚಪ್ಪಲಿ, ಕಲ್ಲಿನ ಮೇಲೆ ನಿಂತು ಫೋಟೋ, ಮರೆಯಲ್ಲಿ ಮೂತ್ರಕ್ಕೆ ಹೋಗುವುದು. ಈ ಐದೂ ಬೇರೆ ಬೇರೆ ಕಾರಣ, ಐದಕ್ಕೂ ಬೇರೆ ಬೇರೆ ಮದ್ದು. ಒಂದೇ ಪದದಲ್ಲಿ ‘ನದಿ’ ಅಂದುಬಿಟ್ಟರೆ ಮದ್ದು ಯಾವುದಕ್ಕೂ ಸಿಗುವುದಿಲ್ಲ.

ಇದು ಸ್ಟಾಫ್ ರೂಮಿನಲ್ಲಿ ಕೂತು ಹೊಳೆಯುವಂಥದ್ದಲ್ಲ. ಈಗ ನಾವು ಪ್ರವಾಸಕ್ಕೆ ಎರಡು ವಾರ ಮೊದಲು ಇಬ್ಬರು ಶಿಕ್ಷಕರು ಬೈಕಿನಲ್ಲಿ ಹೋಗಿ ಬರುತ್ತೇವೆ. ಮಕ್ಕಳು ಅಲ್ಲಿ ಯಾವ ಹೊತ್ತಿಗೆ ಇರುತ್ತಾರೋ ಅದೇ ಹೊತ್ತಿಗೆ. ಬಸ್ಸು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ನೀರು ಎಷ್ಟು ಹೆಜ್ಜೆ, ನಳ ಎಲ್ಲಿದೆ, ಶೌಚಾಲಯ ಎಲ್ಲಿದೆ, ಫೋನಿಗೆ ಸಿಗ್ನಲ್ ಸಿಗುತ್ತದೋ ಇಲ್ಲವೋ, ಇಷ್ಟನ್ನು ಅಲ್ಲೇ ನಿಂತು ಬರೆದುಕೊಳ್ಳುತ್ತೇವೆ. ಪೆಟ್ರೋಲು ನಮ್ಮದೇ. ಅದನ್ನು ಪ್ರವಾಸದ ಖರ್ಚಿನಲ್ಲಿ ಸೇರಿಸಲು ಒಪ್ಪಿದರೆ ಸಂತೋಷ, ಆದರೆ ಅದು ಬೇರೆ ಜಗಳ.

ಎರಡನೆಯದು ಸಾಧ್ಯತೆ. ಇಲ್ಲಿ ಬಹಳ ಮಂದಿ ಒಂದು ಗೊಂದಲ ಮಾಡಿಕೊಳ್ಳುತ್ತೇವೆ. ಯಾವುದರ ಸಾಧ್ಯತೆ? ಮಗು ದಂಡೆಗೆ ಹೋಗುವ ಸಾಧ್ಯತೆ ಕೇಳಿದರೆ 5, ಹೋಗೇ ಹೋಗುತ್ತದೆ. ಕಾಲು ಜಾರುವ ಸಾಧ್ಯತೆ 3 ಅನ್ನಿ. ಮುಳುಗಿ ಪ್ರಾಣ ಹೋಗುವ ಸಾಧ್ಯತೆ 2. ಮೂರೂ ಸರಿಯೇ. ಆದರೆ ಪಕ್ಕದ ತೀವ್ರತೆಯ ಮನೆಯಲ್ಲಿ ಯಾವ ಫಲ ಬರೆದಿದ್ದೇವೋ, ಸಾಧ್ಯತೆಯನ್ನೂ ಅದೇ ಫಲಕ್ಕೆ ಬರೆಯಬೇಕು. ಜಾರುವ ಸಾಧ್ಯತೆಯನ್ನು ಸಾವಿನ ತೀವ್ರತೆಗೆ ಗುಣಿಸಿದರೆ ಅಂಕ ಸುಮ್ನೆ ಹೆದರಿಸುತ್ತದೆ. ಮುಳುಗುವ ಸಾಧ್ಯತೆಯನ್ನು ಮೊಣಕಾಲು ತರಚಿದ ತೀವ್ರತೆಗೆ ಗುಣಿಸಿದರೆ ಸುಮ್ನೆ ಸಮಾಧಾನ ಮಾಡುತ್ತದೆ. ನಾನು ಬರೆದ 2 ಸರಿಯಾಗಿತ್ತು. ಲೆಕ್ಕ ಹಾಕಿ ಬರೆದದ್ದಲ್ಲ, ಕಣ್ಣುಮುಚ್ಚಿ ಹಾಕಿದ್ದು.

ಮೂರನೆಯದು ತೀವ್ರತೆ, ನನ್ನ ನಿಜವಾದ ತಪ್ಪು ಇದ್ದದ್ದು ಇಲ್ಲಿ. 3 ಅಂದರೆ ನಮ್ಮ ಅಳತೆಯಲ್ಲಿ ‘ಆಸ್ಪತ್ರೆಗೆ ತೋರಿಸಬೇಕಾದ ಗಾಯ’. ನೀರಲ್ಲಿ ಮುಳುಗುವುದು ಗಾಯ ಅಲ್ಲ. ಅದು 5, ಇನ್ನೊಂದು ಅಂಕಿ ಇಲ್ಲ. ಗೊತ್ತಿದ್ದೂ 3 ಯಾಕೆ ಹಾಕಿದೆ? 2 ಗುಣಿಸು 5 ಅಂದರೆ 10, ಕೆಂಪು. ಕೆಂಪು ಕಂಡರೆ ಕಡತ ವಾಪಸ್ ಬರುತ್ತದೆ. 2 ಗುಣಿಸು 3 ಅಂದರೆ 6, ಹಳದಿ. ಹಳದಿಗೆ ಯಾರೂ ತಡೆಯುವುದಿಲ್ಲ. ಪ್ರವಾಸದ ದಿನ ಹತ್ತಿರ ಬಂದಿತ್ತು, ಮಕ್ಕಳು ದುಡ್ಡು ಕೊಟ್ಟಾಗಿತ್ತು. ಬೇಕಾದ ಉತ್ತರ ಮೊದಲು ಇಟ್ಟುಕೊಂಡು ಹಿಂದಿನಿಂದ ಲೆಕ್ಕ ಮಾಡಿದೆ. ಇದನ್ನು ಓದುವ ಎಷ್ಟೋ ಜನ ಶಿಕ್ಷಕರಿಗೆ ಇದು ಹೊಸದಲ್ಲ ಅಂತ ನನಗೆ ಗೊತ್ತು.

ಗುಣಾಕಾರದಲ್ಲೇ ಇನ್ನೊಂದು ಮೋಸ ಇದೆ. ಬಸ್ಸಿನಲ್ಲಿ ವಾಂತಿ ಆಗುವುದು ಸಾಧ್ಯತೆ 5, ತೀವ್ರತೆ 1. ಅಂಕ 5. ಎಲ್ಲ ಜಾಗ್ರತೆ ಮಾಡಿದ ಮೇಲೂ ನದಿಯಲ್ಲಿ ಮುಳುಗುವುದು ಸಾಧ್ಯತೆ 1, ತೀವ್ರತೆ 5. ಅದೂ 5. ಹಾಳೆಯ ಮೇಲೆ ಎರಡೂ ಒಂದೇ ಹಳದಿ. ಒಂದಕ್ಕೆ ಪ್ಲಾಸ್ಟಿಕ್ ಚೀಲ ಸಾಕು, ಇನ್ನೊಂದಕ್ಕೆ ಯಾವುದೂ ಸಾಕಾಗುವುದಿಲ್ಲ. ಹಾಗಾಗಿ ಅಂಕ ಎಷ್ಟೇ ಬರಲಿ, ತೀವ್ರತೆ 5 ಇರುವ ಸಾಲುಗಳನ್ನು ಬೇರೆಯಾಗಿ ಓದಿ. ಒಂದು ದಿನದ ಪ್ರವಾಸದಲ್ಲಿ ಅಂಥವು ಎರಡೋ ಮೂರೋ ಇರುತ್ತವೆ. ನೀರು, ರಸ್ತೆ, ಕೆಲವು ಕಡೆ ಎತ್ತರ. ಓದಲು ಐದು ನಿಮಿಷ ಸಾಕು.

ಕೊನೆಯದು ನಿಯಂತ್ರಣ ಕ್ರಮ. ‘ಶಿಕ್ಷಕರು ಎಚ್ಚರಿಕೆ ವಹಿಸುವರು.’ ಈ ವಾಕ್ಯವನ್ನು ನಾನು ಹನ್ನೊಂದು ವರ್ಷದಲ್ಲಿ ಎಷ್ಟು ಸಾರಿ ಬರೆದಿದ್ದೇನೋ ಲೆಕ್ಕವಿಲ್ಲ. ಇದು ಕ್ರಮವಲ್ಲ, ಆಸೆ. ಕ್ರಮ ಹೌದೋ ಅಲ್ಲವೋ ಅಂತ ತಿಳಿಯಲು ನನ್ನ ಹತ್ತಿರ ಒಂದು ಸುಲಭದ ಪರೀಕ್ಷೆ ಇದೆ. ಪ್ರವಾಸದ ದಿನ ಮಧ್ಯಾಹ್ನ ಒಂದು ಗಂಟೆಗೆ ಹೊರಗಿನವರು ಯಾರೋ ಬಂದು ನೋಡಿದರೆ, ಆ ಕೆಲಸ ನಡೆದಿದೆಯೋ ಇಲ್ಲವೋ ಅವರಿಗೆ ಕಣ್ಣಿಗೆ ಕಾಣಬೇಕು. ಎಚ್ಚರಿಕೆ ಕಾಣುವುದಿಲ್ಲ. ನೀರು ತುಂಬಿದ ಕ್ಯಾನ್ ಕಾಣುತ್ತದೆ.

ಕ್ಯಾನ್ ಅಂದೆನಲ್ಲ, ಅದೇ ನಮ್ಮ ಮೊದಲ ಕ್ರಮ ಈಗ. ಮಗು ದಂಡೆಗೆ ಹೋಗುವ ಕಾರಣವನ್ನೇ ತೆಗೆದುಹಾಕುವುದು. ಊಟ ನದಿಯ ಹತ್ತಿರ ಇಲ್ಲ, ಊರೊಳಗೆ. ನಳ ಇಲ್ಲದಿದ್ದರೆ ಬಸ್ಸಿನಲ್ಲಿ 20 ಲೀಟರಿನ 2 ಕ್ಯಾನ್. 50 ಜನ, ಕೈಗೂ ಡಬ್ಬಿಗೂ ಸೇರಿ ಒಬ್ಬರಿಗೆ ಮುಕ್ಕಾಲು ಲೀಟರ್ ಅಂದರೆ 37 ಲೀಟರ್ ಚಿಲ್ಲರೆ. ಕುಡಿಯುವ ನೀರು ಇದಕ್ಕೆ ಬೇರೆ. ನಾಲ್ಕು ಪ್ಲಾಸ್ಟಿಕ್ ಮಗ್. ಇಷ್ಟು ಮಾಡಿದ್ದರೆ ಅವತ್ತು ಆ ಹುಡುಗನಿಗೆ ಕೆಳಗೆ ಇಳಿಯುವ ಕೆಲಸವೇ ಇರುತ್ತಿರಲಿಲ್ಲ. ಕಾವಲು ಕಾಯುವುದಕ್ಕಿಂತ ಕಾರಣ ತೆಗೆಯುವುದು ಯಾವತ್ತೂ ಮೇಲು. ಕಾವಲಿನವನಿಗೆ ದಣಿವಾಗುತ್ತದೆ, ಫೋನ್ ಬರುತ್ತದೆ, ಚಿತ್ರಾನ್ನ ಉಳಿಯುತ್ತದೆ.

ಎರಡನೆಯ ದೊಡ್ಡ ತೀರ್ಮಾನ ಹರಿಗೋಲಿನದು. ಸಣಾಪುರದ ಕೆರೆಯಲ್ಲಿ, ಆನೆಗುಂದಿಯ ಹೊಳೆಯಲ್ಲಿ ಹರಿಗೋಲು ಹತ್ತಿಸಿ ಅಂತ ಮಕ್ಕಳು ಗೋಗರೆಯುತ್ತಾರೆ. ನಾವು ಹತ್ತಿಸುವುದಿಲ್ಲ. ಬಿದಿರು ಹೆಣೆದು ಮೇಲೆ ತಾಡಪಾಲು ಹೊದಿಸಿದ ಬುಟ್ಟಿ ಅದು. ಕೂರಲು ಆಸನ ಇಲ್ಲ, ಒಂದು ಕಡೆ ಏನೋ ಕಂಡಿತು ಅಂತ ಎಲ್ಲರೂ ಆ ಕಡೆ ವಾಲಿದರೆ ಬುಟ್ಟಿಯೂ ವಾಲುತ್ತದೆ. ದೊಡ್ಡವರು ಸುಮ್ಮನೆ ಕೂರುತ್ತಾರೆ, ಎಂಟನೇ ತರಗತಿಯವರು ಕೂರುವುದಿಲ್ಲ. ಲೈಫ್ ಜಾಕೆಟ್ ಕೊಡುತ್ತಾರಲ್ಲ ಅನ್ನುತ್ತಾರೆ. ಒಮ್ಮೆ ನಾವೇ ನೋಡಿದೆವು. ಹುಡುಗನಿಗೆ ಹಾಕಿ, ಪಟ್ಟಿ ಕಟ್ಟಿ, ಎರಡೂ ಭುಜದ ಹತ್ತಿರ ಹಿಡಿದು ಜಾಕೆಟನ್ನು ಮೇಲಕ್ಕೆ ಎತ್ತಿದರೆ ಅದು ಗಲ್ಲ ದಾಟಿ ಕಿವಿಯ ತನಕ ಬಂತು. ದೊಡ್ಡವರ ಅಳತೆಯದು. ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಹುಡುಗ ಕೆಳಗೆ ಜಾರುತ್ತಾನೆ. ನಿಮ್ಮಲ್ಲಿ ಯಾರಾದರೂ ಬೋಟಿಂಗ್ ಇರುವ ಪ್ರವಾಸಕ್ಕೆ ಸಹಿ ಹಾಕುವುದಾದರೆ ಈ ಎತ್ತಿ ನೋಡುವ ಪರೀಕ್ಷೆಯನ್ನು ಕಡ್ಡಾಯ ಮಾಡಿ. ವಡೋದರಾದ ಹರಣಿ ಕೆರೆಯಲ್ಲಿ 2024ರ ಜನವರಿ 18ರಂದು ದೋಣಿ ಮಗುಚಿ 12 ಮಕ್ಕಳು, 2 ಶಿಕ್ಷಕಿಯರು ತೀರಿಕೊಂಡರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಜಾಸ್ತಿ ಜನ ಇದ್ದರು, ಎಲ್ಲರಿಗೂ ಜಾಕೆಟ್ ಇರಲಿಲ್ಲ. ಅದೂ ಶಾಲೆಯ ಪ್ರವಾಸವೇ.

ನಾವು ದಂಡೆಯ ಮೇಲೆ ಬೋರಲು ಹಾಕಿದ ಹರಿಗೋಲನ್ನು ತೋರಿಸಿ, ಅಂಬಿಗರಿಂದಲೇ ಅದನ್ನು ಹೆಣೆಯುವ ಬಗೆ ಹೇಳಿಸುತ್ತೇವೆ. ಅವರಿಗೆ ಒಂದಿಷ್ಟು ದುಡ್ಡೂ ಕೊಡುತ್ತೇವೆ. ಮಕ್ಕಳು ಸಪ್ಪೆ ಮೋರೆ ಮಾಡುತ್ತಾರೆ. ಮಾಡಲಿ.

ಇನ್ನು ನದಿಯನ್ನು ನೋಡುವುದೇ ಬೇಡವಾ? ಆನೆಗುಂದಿಗೆ ಹೋಗಿ ಹೊಳೆ ನೋಡದೆ ಬರುವುದು ಹೇಗೆ? ನೋಡುತ್ತೇವೆ, ಮೇಲಿನಿಂದ. ಆದರೆ ಈ ಹೊಳೆಯ ಒಂದು ಗುಣ ಕೋಷ್ಟಕದಲ್ಲಿ ಇರಲೇಬೇಕು. ಆನೆಗುಂದಿ ಇರುವುದು ಡ್ಯಾಮಿನ ಕೆಳಗೆ. ನೀರು ಏರುವುದಕ್ಕೂ ನಮ್ಮ ತಲೆಯ ಮೇಲಿನ ಮೋಡಕ್ಕೂ ಸಂಬಂಧವೇ ಇರುವುದಿಲ್ಲ. ಮಳೆ ಬೀಳುವುದು ಮಲೆನಾಡಿನಲ್ಲಿ, ಗೇಟು ಎತ್ತುವುದು ಇಲ್ಲಿ. ಬೇಸಿಗೆ ಹತ್ತಿರ ಬಂದಾಗಲೂ ಕೆಳಗಿನ ಕಾಲುವೆಗಳಿಗಾಗಿ ಹೊಳೆಗೆ ನೀರು ಬಿಡುವುದುಂಟು. 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋದದ್ದು ನಮಗೆಲ್ಲ ನೆನಪಿದೆ. ಅದು ಅಪರೂಪ. ಆದರೆ ಗೇಟು ಕೆಡದೆ, ಎಲ್ಲ ಸರಿಯಾಗಿ ನಡೆದಾಗಲೂ ಕೆಳಗಿದ್ದವರಿಗೆ ಗೊತ್ತಾಗದೇ ಹೋಗಬಹುದು. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಪ್ರವಾಸಕ್ಕೆ ಹೋದವರು, ಬಂಡೆಗಳ ಮೇಲೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು.

ನಮ್ಮ ಬಂಡೆಗಳೂ ಅಂಥವೇ. ಸಂದುಗಳಲ್ಲಿ ನೀರು ಒಳಗೆ ನುಗ್ಗುತ್ತದೆ, ಸುಳಿ ಇರುತ್ತದೆ. ಈಜು ಬಂದರೆ ಸಾಕು ಅನ್ನುವ ಹಾಗಿಲ್ಲ. 2025ರ ಫೆಬ್ರವರಿಯಲ್ಲಿ ಸಣಾಪುರದ ಹತ್ತಿರ ಬಂಡೆಯಿಂದ ಹೊಳೆಗೆ ಹಾರಿದ ವೈದ್ಯೆಯೊಬ್ಬರು ಸೆಳವಿಗೆ ಸಿಕ್ಕಿ ತೀರಿಕೊಂಡರು. ಅದು ಮಳೆಗಾಲವಲ್ಲ.

ಹಾಗಾಗಿ ನಮ್ಮ ಕೋಷ್ಟಕದಲ್ಲಿ ಈಗ ಎರಡು ಹೊಸ ಕಾಲಂ ಇವೆ. ಒಂದು, ‘ಯಾರು, ಯಾವಾಗ’. ಇನ್ನೊಂದಕ್ಕೆ ‘ಕೈಬಿಡುವ ಗೆರೆ’ ಅಂತ ಹೆಸರಿಟ್ಟಿದ್ದೇನೆ. ಏನಾದರೆ ನಾವು ಆ ಜಾಗ ಬಿಟ್ಟು ಹೊರಡುತ್ತೇವೆ ಎಂಬುದನ್ನು ಮನೆಯಲ್ಲಿ ತಣ್ಣಗೆ ಕೂತಿದ್ದಾಗಲೇ ಬರೆದಿಡುವುದು. ಅಲ್ಲಿ ಹೋದ ಮೇಲೆ ತೀರ್ಮಾನ ಮಾಡೋಣ ಅಂದರೆ ಆಗುವುದಿಲ್ಲ. ಮಕ್ಕಳು ಕಾಯುತ್ತಿರುತ್ತಾರೆ, ಇಷ್ಟು ದೂರ ಬಂದಿದ್ದೇವೆ ಅನಿಸುತ್ತದೆ, ಒಬ್ಬ ಶಿಕ್ಷಕ ಬೇಡ ಅಂದರೆ ಇನ್ನೊಬ್ಬ ಏನಾಗಲ್ಲ ಬಿಡಿ ಅನ್ನುತ್ತಾನೆ.

ಕಳೆದ ಸಲದ ಹಾಳೆಯಿಂದ ಮೂರು ಸಾಲು ಇಲ್ಲಿ ಕೊಡುತ್ತೇನೆ. ‘ಮೊದಲು’, ‘ನಂತರ’ ಅಂದರೆ ಕ್ರಮ ತೆಗೆದುಕೊಳ್ಳುವ ಮುಂಚಿನ ಅಂಕ, ತೆಗೆದುಕೊಂಡ ಮೇಲಿನ ಅಂಕ.

| ಅಪಾಯ | ಮೊದಲು | ನಿಯಂತ್ರಣ ಕ್ರಮ | ಯಾರು, ಯಾವಾಗ | ನಂತರ | ಕೈಬಿಡುವ ಗೆರೆ |
|---|---|---|---|---|---|
| ಡಬ್ಬಿ, ಕೈ ತೊಳೆಯಲು ದಂಡೆಗೆ ಇಳಿದ ಮಗು ಪಾಚಿಯಲ್ಲಿ ಜಾರಿ ಮುಳುಗುವುದು | 2×5=10 | ಊಟ ಊರೊಳಗೆ; 20 ಲೀಟರಿನ 2 ಕ್ಯಾನ್, 4 ಮಗ್ | ದೈಹಿಕ ಶಿಕ್ಷಕರು; ಬಸ್ಸು ಹೊರಡುವ ಮುಂಚೆ ತುಂಬಿದ ಕ್ಯಾನ್ ತೋರಿಸುವುದು | 1×5=5 | ಊರೊಳಗೆ ಜಾಗ ಸಿಗದಿದ್ದರೆ ಊಟ ಬಸ್ಸಿನಲ್ಲೇ |
| ಹೊಳೆ ನೋಡುವಾಗ ಮಗು ಅಂಚಿಗೆ ಹೋಗಿ ಬೀಳುವುದು, ನೀರು ಏರುವುದು | 2×5=10 | ಮೇಲಿನ ಮೆಟ್ಟಿಲಿನಿಂದ ಮಾತ್ರ; 12 ಮಕ್ಕಳ ಗುಂಪು ಒಂದೊಂದಾಗಿ, 10 ನಿಮಿಷ; 20 ಮೀಟರ್ ಹಗ್ಗ | ಇಬ್ಬರು ಶಿಕ್ಷಕರು ನೀರಿಗೆ ಬೆನ್ನು ಹಾಕಿ ನಿಲ್ಲುವುದು; ಉಳಿದವರು ಬಸ್ಸಿನ ಹತ್ತಿರ | 1×5=5 | ಗುರುತಿನ ಕಲ್ಲಿಗೆ ನೀರು ಮುಟ್ಟಿದರೆ, ನೀರು ರಾಡಿಯಾದರೆ |
| ಅಂಜನಾದ್ರಿ ಮೆಟ್ಟಿಲಲ್ಲಿ ದಮ್ಮು ಹತ್ತುವುದು, ಕೋತಿ ಕಚ್ಚುವುದು | 3×3=9 | ಬೆಳಿಗ್ಗೆ 9ರೊಳಗೆ ಹತ್ತಿ ಮುಗಿಸುವುದು; ಕೈಯಲ್ಲಿ ತಿಂಡಿ, ಪ್ಲಾಸ್ಟಿಕ್ ಚೀಲ ಇಲ್ಲ | ವರ್ಗ ಶಿಕ್ಷಕಿ; ಮೆಟ್ಟಿಲ ಬುಡದಲ್ಲಿ ಚೀಲ ನೋಡುವುದು | 2×3=6 | ಉಬ್ಬಸ ಇರುವ ಮಗು ಕೆಳಗೇ, ಒಬ್ಬ ಶಿಕ್ಷಕರ ಜೊತೆ |

ಮೂರನೆಯದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 575 ಮೆಟ್ಟಿಲು, ಕೋತಿ ಕಾಟ, ಇವು ಎಲ್ಲರಿಗೂ ಗೊತ್ತಿರುವುದೇ. ಕೋತಿ ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ, ಚುಚ್ಚುಮದ್ದಿಗೆ.

ನೀರಿನ ಎರಡೂ ಸಾಲುಗಳಲ್ಲಿ ತೀವ್ರತೆಯ ಅಂಕಿ ಮೊದಲೂ 5, ನಂತರವೂ 5 ಇರುವುದನ್ನು ಗಮನಿಸಿ. ಕೆಲವು ಶಾಲೆಗಳ ಹಾಳೆಯಲ್ಲಿ ‘ಶಿಕ್ಷಕರ ನಿಗಾ’ ಅಂತ ಬರೆದು ತೀವ್ರತೆಯನ್ನು 5ರಿಂದ 2ಕ್ಕೆ ಇಳಿಸಿರುವುದನ್ನು ನೋಡಿದ್ದೇನೆ. ನಿಗಾ ಇಟ್ಟರೆ ಬೀಳುವ ಸಾಧ್ಯತೆ ಕಡಿಮೆ ಆಗಬಹುದು. ಬಿದ್ದ ಮಗುವಿಗೆ ನೀರು ಕರುಣೆ ತೋರಿಸುವುದಿಲ್ಲ. ಅಂಥ ಹಾಳೆ ನಿಮ್ಮ ಮೇಜಿಗೆ ಬಂದರೆ ಕೇಳಿ, ಯಾವುದರಿಂದ ತೀವ್ರತೆ ಇಳಿಯಿತು ಅಂತ. ಬಿದ್ದ ಮೇಲೆ ಮಾಡುವ ಕೆಲಸ ಏನಾದರೂ ಬರೆದಿದ್ದರೆ ಮಾತ್ರ ಆ ಪ್ರಶ್ನೆಗೆ ಉತ್ತರ ಇರುತ್ತದೆ.

ಆ ಕೆಲಸಕ್ಕೂ ಸಮಯ ಬಹಳ ಕಡಿಮೆ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಇರುತ್ತದೆ, ಉಸಿರಿಗೇ ಪುರುಸೊತ್ತಿಲ್ಲ, ಕೂಗುವುದು ಎಲ್ಲಿಂದ? ಒಂದು ನಿಮಿಷದೊಳಗೆ ಸದ್ದಿಲ್ಲದೆ ಒಳಗೆ ಹೋಗಿಬಿಡುತ್ತದೆ. ಅದಕ್ಕೇ ಶಿಕ್ಷಕರು ನೀರಿಗೆ ಬೆನ್ನು ಹಾಕಿ, ಮಕ್ಕಳ ಕಡೆ ಮುಖ ಮಾಡಿ ನಿಲ್ಲಬೇಕು ಅಂತ ಬರೆದದ್ದು. ನಾವೆಲ್ಲ ಹೊಳೆಯ ಕಡೆ ಮುಖ ಮಾಡಿ ಸೌಂದರ್ಯ ನೋಡುತ್ತಾ ನಿಲ್ಲುತ್ತೇವೆ. ಮಕ್ಕಳು ನಮ್ಮ ಹಿಂದೆ ಎಲ್ಲೋ ಇರುತ್ತಾರೆ.

ಬಿದ್ದರೆ ಶಿಕ್ಷಕ ಹಾರಬಾರದು. ಒಬ್ಬರ ಬದಲು ಇಬ್ಬರು ಹೋದ ಪ್ರಕರಣಗಳು ಬೇಕಾದಷ್ಟಿವೆ. 20 ಮೀಟರ್ ಹಗ್ಗ, ತುದಿಗೆ ಮುಚ್ಚಳ ಬಿಗಿದ 5 ಲೀಟರಿನ ಖಾಲಿ ಕ್ಯಾನ್. ಎಸೆದರೆ ದೂರ ಹೋಗುವ ಹಾಗೆ ಅದರೊಳಗೆ ಒಂದೆರಡು ಲೋಟ ನೀರು. ನಾವು ಶಾಲೆಯ ಮೈದಾನದಲ್ಲಿ ಎಸೆದು ಅಭ್ಯಾಸ ಮಾಡಿದೆವು. ಮೊದಲ ಸಲ ನನ್ನದು ಐದು ಮೀಟರ್ ಕೂಡ ಹೋಗಲಿಲ್ಲ, ಮಕ್ಕಳು ಬಿದ್ದು ಬಿದ್ದು ನಕ್ಕರು. ಇನ್ನೊಂದು ಮಾತು. ಮೇಲೆ ತಂದ ಮಗುವನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮ ಕಡೆ ರೂಢಿ. ಅದು ತಪ್ಪು. ಅದರಿಂದ ಸಮಯ ಹಾಳಾಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಬಹುದು. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಎದೆ ಒತ್ತುವುದು, ಇನ್ನೊಬ್ಬರು 108ಕ್ಕೆ ಫೋನ್ ಮಾಡುವುದು. ಇದನ್ನು ಕೈಯಾರೆ ಕಲಿತವರು ಒಬ್ಬರಾದರೂ ಬಸ್ಸಿನಲ್ಲಿ ಇರಬೇಕು. ಓದಿ ತಿಳಿದುಕೊಂಡವರು ಸಾಲದು.

ಗುರುತಿನ ಕಲ್ಲು ಅಂದರೇನು ಅಂತ ನಮ್ಮ ಮುಖ್ಯಗುರುಗಳು ಕೇಳಿದರು. ದಂಡೆಗೆ ಹೋದ ಕೂಡಲೇ ಒಬ್ಬ ಶಿಕ್ಷಕ ಮಾತ್ರ ಕೆಳಗಿಳಿದು, ನೀರಿನ ಅಂಚಿನಿಂದ ಒಂದು ಗೇಣು ಮೇಲೆ ಬಿಳಿ ಕಲ್ಲು ಇಡುತ್ತಾರೆ. ಐದೈದು ನಿಮಿಷಕ್ಕೆ ಮೇಲಿನಿಂದಲೇ ನೋಡುವುದು. ಇಳಿಜಾರಿನಲ್ಲಿ ನೀರು ಸ್ವಲ್ಪ ಏರಿದರೂ ಅಂಚು ಬೇಗ ಮುಂದೆ ಬರುತ್ತದೆ, ಕಣ್ಣಿಗೆ ಗೊತ್ತಾಗುತ್ತದೆ. ತಿಳಿನೀರು ರಾಡಿ ಆಗುವುದು, ಕಸಕಡ್ಡಿ ತೇಲಿ ಬರುವುದು, ಸದ್ದು ಬದಲಾಗುವುದು, ಇವೂ ಲಕ್ಷಣಗಳೇ. ಹಿಂದಿನ ದಿನ ಡ್ಯಾಮಿನ ಹೊರಹರಿವು ಎಷ್ಟು ಅಂತ ಪತ್ರಿಕೆಯಲ್ಲಿ ನೋಡಿಕೊಳ್ಳುತ್ತೇವೆ. ಆದರೆ ಅದು ನಿನ್ನೆಯ ಸುದ್ದಿ. ಕಲ್ಲು ಈಗಿನದು ಹೇಳುತ್ತದೆ.

ಕಳೆದ ಜನವರಿಯಲ್ಲಿ ಎರಡನೇ ಗುಂಪು ನಿಂತಿದ್ದಾಗ ನೀರು ಕಲ್ಲನ್ನು ಮುಟ್ಟಿತು. ಬರೀ ಮುಟ್ಟಿತು, ಅಷ್ಟೇ. ನಾವು ಹೊರಟೆವು. ಇನ್ನೆರಡು ಗುಂಪಿನ ಮಕ್ಕಳು ಹೊಳೆ ನೋಡಲಿಲ್ಲ, ಬಸ್ಸಿನಲ್ಲಿ ಡ್ಯಾಂ ತನಕ ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ನೀರು ಎಷ್ಟು ಏರಿತೋ ನಾವು ನೋಡಲಿಲ್ಲ. ಬಹುಶಃ ಏನೂ ಆಗುತ್ತಿರಲಿಲ್ಲ. ಸಂಜೆ ಒಬ್ಬ ಸಹೋದ್ಯೋಗಿ, “ಸುಮ್ನೆ ಹೆದರಿದ್ರಿ ಸರ್ರ” ಅಂದರು. ಇರಬಹುದು. ಅವರ ಸಹಿಯೂ ಆ ಹಾಳೆಯ ಮೇಲಿತ್ತು, ಅದಕ್ಕೇ ದಂಡೆಯ ಮೇಲೆ ವಾದ ಆಗಲಿಲ್ಲ.

ನಿಮ್ಮನ್ನು ಕೇಳುವುದು ಇಷ್ಟು. ಹಳೆಯ ಹಾಳೆಯಲ್ಲಿ ದಿನಾಂಕ ಮಾತ್ರ ತಿದ್ದಿ ಕಳಿಸಿದರೆ ವಾಪಸ್ ಮಾಡಿ. ಗೊತ್ತಾಗುವುದು ಕಷ್ಟವಲ್ಲ. ಕೊಪ್ಪಳದ ಶಾಲೆ ಆನೆಗುಂದಿಗೆ ಹೋಗುವ ಹಾಳೆಯಲ್ಲಿ ‘ಸಮುದ್ರದ ಅಲೆ’ ಅಂತ ಇದ್ದದ್ದನ್ನು ನಾನೇ ಕಂಡಿದ್ದೇನೆ. ಮುರುಡೇಶ್ವರಕ್ಕೆ ಹೋದವರ ಹಾಳೆಯನ್ನು ನಕಲು ಮಾಡಿದ್ದರು. ಅದೇ ಮುರುಡೇಶ್ವರದ ಕಡಲಲ್ಲಿ 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಬಂದಿದ್ದ 4 ಶಾಲಾ ಹುಡುಗಿಯರು ಮುಳುಗಿ ಹೋದರು ಎಂಬುದು ನಕಲು ಮಾಡಿದವರಿಗೂ ಗೊತ್ತಿತ್ತು. ಹಾಗೆಯೇ, ಕೆಂಪು ಬರೆದ ಶಿಕ್ಷಕನನ್ನು ಗದರಬೇಡಿ. ನೀವು ಕೆಂಪನ್ನು ವಾಪಸ್ ಮಾಡುತ್ತೀರಿ ಅಂತ ಗೊತ್ತಾದರೆ ನಾವೆಲ್ಲ ಹಳದಿ ಬರೆಯುವುದನ್ನು ಕಲಿಯುತ್ತೇವೆ. ನಾನು ಕಲಿತದ್ದು ಹಾಗೆಯೇ. ಪೋಷಕರ ಒಪ್ಪಿಗೆ ಪತ್ರದಲ್ಲಿ ಫಿಟ್ಸ್, ಉಬ್ಬಸ ಇದೆಯಾ ಅಂತ ಎರಡು ಸಾಲು ಸೇರಿಸಿ. ಫಿಟ್ಸ್ ಬರುವ ಮಗುವಿಗೆ ನೀರಿನ ಸಾಲಿನ ಲೆಕ್ಕವೇ ಬೇರೆ, ಮಗುವಿನ ಪಕ್ಕ ಒಬ್ಬರು ಯಾವಾಗಲೂ ಇರಬೇಕು.

ಈ ವರ್ಷದ ನಮ್ಮ ಹಾಳೆ ಸೋಮವಾರ ಕಳಿಸಿದ್ದೇನೆ. ಎರಡನೇ ಸಾಲಿನಲ್ಲಿ ‘ಯಾರು’ ಎಂಬ ಕಡೆ ಒಂದು ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ. ನೀರಿನಿಂದ ತೆಗೆದ ಮಗುವಿಗೆ ಉಸಿರು ಕೊಡುವುದನ್ನು ಕಲಿತಿದ್ದ ನಮ್ಮ ದೈಹಿಕ ಶಿಕ್ಷಕರಿಗೆ ವರ್ಗವಾಗಿದೆ. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ, ನಮ್ಮಲ್ಲಿ ಬೇರೆ ಯಾರೂ ಕಲಿತಿಲ್ಲ. ತಾಲ್ಲೂಕಿನಲ್ಲಿ ಒಂದು ದಿನದ ತರಬೇತಿ ಇಟ್ಟರೆ ನಾನೇ ಬರುತ್ತೇನೆ. ಇಲ್ಲವೇ ಬಲ್ಲವರೊಬ್ಬರನ್ನು ನಮ್ಮ ಬಸ್ಸಿಗೆ ಕಳಿಸಿಕೊಡಿ. ಎರಡೂ ಆಗದಿದ್ದರೆ ಆ ಸಾಲಿನ ಮೇಲೆ ಗೆರೆ ಎಳೆದು ಕಳಿಸಿ. ಈ ಸಲ ಹೊಳೆಗೆ ಹೋಗುವುದಿಲ್ಲ, ಅಂಜನಾದ್ರಿ ಇಳಿದು ನೇರ ಡ್ಯಾಮಿಗೆ ಹೋಗುತ್ತೇವೆ. ಆ ಜಾಗ ಖಾಲಿ ಇರುವಾಗ ಮಾತ್ರ ಸಹಿ ಹಾಕಬೇಡಿ.

ನಿಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕ, ಕೊಪ್ಪಳ ಜಿಲ್ಲೆ